ಹುದ್ದೆಯ ಅಧಿಕಾರ ಮತ್ತು ಪರಿಣತಿಯ ಅಧಿಕಾರ

ಪ್ರಶ್ನೆ: ತಂಡದ ಮುಖ್ಯಸ್ಥನಾಗಿ ಮೂರು ತಿಂಗಳಾಯಿತು. ನಾನು ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಕೊನೆಗೆ ನಡೆಯುವುದು ಒಬ್ಬ ಹಿರಿಯ ಸಹೋದ್ಯೋಗಿಯ ಮಾತು. ಏಕೆ ಹೀಗೆ?

ಉತ್ತರ: ಮನೋವಿಜ್ಞಾನಿಗಳಾದ ಜಾನ್ ಫ್ರೆಂಚ್ ಮತ್ತು ಬರ್ಟ್ರಮ್ ರೇವನ್ 1959ರಲ್ಲಿ ಅಧಿಕಾರದ ಐದು ಮೂಲಗಳನ್ನು ಗುರುತಿಸಿದರು: ಹುದ್ದೆ, ಪುರಸ್ಕಾರ, ಶಿಕ್ಷೆ, ಪರಿಣತಿ ಮತ್ತು ವ್ಯಕ್ತಿಯ ಮೇಲಿನ ಅಭಿಮಾನ. ಮೊದಲ ಮೂರು ಹೆಚ್ಚಾಗಿ ಸಂಸ್ಥೆಯಿಂದ ಬರುತ್ತವೆ. ಕೊನೆಯ ಎರಡನ್ನು ಜೊತೆಯಲ್ಲಿ ದುಡಿಯುವವರೇ ಕೊಡಬೇಕು. ನಿಮ್ಮ ಬಡ್ತಿಯ ಆದೇಶದಲ್ಲಿ ಆ ಎರಡು ಇರಲಿಲ್ಲ, ಇರಲು ಸಾಧ್ಯವೂ ಇಲ್ಲ.

ನನಗೂ ಇದೇ ಅನುಭವವಾಗಿದೆ. ಸಾಫ್ಟ್‌ವೇರ್ ತಂಡವೊಂದರ ಹೊಣೆ ಹೊತ್ತ ಹೊಸತರಲ್ಲಿ, ಯಾವುದೇ ಕೋಡ್ ಬದಲಾವಣೆಯನ್ನು ಇಬ್ಬರು ಪರಿಶೀಲಿಸಿ ಒಪ್ಪಿಗೆ ಕೊಡಬೇಕೆಂದು ಆದೇಶಿಸಿದೆ. ಯಾರೂ ವಿರೋಧಿಸಲಿಲ್ಲ. ತಿಂಗಳ ನಂತರ ದಾಖಲೆಗಳನ್ನು ತೆರೆದು ನೋಡಿದರೆ, ನಾನೂರು ಸಾಲಿನ ಬದಲಾವಣೆಗೂ ಒಂದೇ ನಿಮಿಷದಲ್ಲಿ ಎರಡು ಒಪ್ಪಿಗೆಗಳು ಬಿದ್ದಿದ್ದವು, ಒಂದು ಟಿಪ್ಪಣಿಯೂ ಇರಲಿಲ್ಲ. ಹುದ್ದೆಯ ಬಲದಿಂದ ಸಿಗುವುದು ಬಹುಮಟ್ಟಿಗೆ ಇಷ್ಟೇ: ಆದೇಶದ ಅಕ್ಷರ ಪಾಲನೆಯಾಗುತ್ತದೆ, ಉದ್ದೇಶ ಈಡೇರದೆ ಉಳಿಯುತ್ತದೆ. ಆಗ ಶಿಕ್ಷೆಯ ಭಯ ತೋರಿಸೋಣವೆನ್ನಿಸುವುದು ಸಹಜ. ಆದರೆ ಶಿಕ್ಷೆಯ ಬಲ ಕಣ್ಗಾವಲು ಇರುವವರೆಗೆ ಮಾತ್ರ ಕೆಲಸ ಮಾಡುತ್ತದೆ, ಮತ್ತು ತಪ್ಪು ಮಾಡಿದವರು ಅದನ್ನು ಮುಚ್ಚಿಡಲು ಕಲಿಯುತ್ತಾರೆ. ಕೋಡ್ ಪರಿಶೀಲನೆಯಂಥ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹಾನಿಯಿಲ್ಲ.

ನಮ್ಮ ತಂಡದಲ್ಲೂ ಎಲ್ಲರೂ ಸಲಹೆ ಕೇಳುವ ಹಿರಿಯರೊಬ್ಬರಿದ್ದರು. ಹಿಂದಿನ ಮೂರು ದೊಡ್ಡ ವೈಫಲ್ಯಗಳ ವಿವರವನ್ನು ಅವರ ಮುಂದಿಟ್ಟು, "ಇವುಗಳಲ್ಲಿ ಯಾವುದನ್ನು ಪರಿಶೀಲನೆಯಲ್ಲೇ ಹಿಡಿಯಬಹುದಿತ್ತು, ನೀವೇ ಹೇಳಿ" ಎಂದು ಕೇಳಿದೆ. ಎರಡನ್ನು ಹಿಡಿಯಬಹುದಿತ್ತೆಂದು ಅವರು ತೋರಿಸಿದರು. ಪರಿಶೀಲಿಸುವವರು ನೋಡಲೇಬೇಕಾದ ಆರು ಅಂಶಗಳನ್ನು ತಾವೇ ಬರೆದುಕೊಟ್ಟು, ತಂಡಕ್ಕೆ ವಿವರಿಸಿದರು. ಸಣ್ಣ ತಿದ್ದುಪಡಿಗಳಿಗೆ ಒಬ್ಬರ ಒಪ್ಪಿಗೆ ಸಾಕೆಂಬ ಅವರ ಮಾತನ್ನು ನಾನು ಒಪ್ಪಿ, ನನ್ನ ನಿಯಮವನ್ನು ಎಲ್ಲರೆದುರು ತಿದ್ದಿದೆ. ಇಲ್ಲಿ ಪರಿಣತಿಗಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. "ಅವರು ಬಲ್ಲವರು" ಎಂದು ನಂಬಿ ಪಾಲಿಸುವುದು ಒಂದು, ಕಾರಣ ಅರ್ಥವಾಗಿ ಪಾಲಿಸುವುದು ಇನ್ನೊಂದು. ಎರಡನೆಯದನ್ನು ರೇವನ್ 1965ರಲ್ಲಿ ಮಾಹಿತಿಯ ಬಲವೆಂದು ಪ್ರತ್ಯೇಕಿಸಿದರು. ಕಾರಣ ಒಮ್ಮೆ ಮನಸ್ಸಿಗೆ ಹತ್ತಿದ ಮೇಲೆ ಹೇಳಿದವರು ಎದುರಿಗಿರಬೇಕಾಗಿಲ್ಲ. ನಾನು ಹತ್ತು ದಿನ ರಜೆಯಲ್ಲಿದ್ದಾಗಿನ ಪರಿಶೀಲನೆಗಳಲ್ಲಿ ನಿಜವಾದ ಪ್ರಶ್ನೆಗಳಿದ್ದವು. ನಿಮ್ಮ ಮಾತು ನಾಟಿದೆಯೇ ಎಂದು ತಿಳಿಯಲು ನೀವಿಲ್ಲದ ದಿನಗಳ ಕೆಲಸವನ್ನೇ ನೋಡಿ.

ಅಭಿಮಾನದ ಬಲ ಬೆಳೆಯಲು ಕಾಲ ಬೇಕು, ಒಂದು ಪಕ್ಷಪಾತದ ನಿರ್ಧಾರ ಸಾಕು ಅದು ಕುಸಿಯಲು. ಆದ್ದರಿಂದ ಸದ್ಯಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಆ ಹಿರಿಯ ಸಹೋದ್ಯೋಗಿಯನ್ನು ಪ್ರತಿಸ್ಪರ್ಧಿಯೆಂದೂ ಭಾವಿಸಬೇಡಿ. ಅವರ ಪರಿಣತಿಗೆ ಅದರದೇ ಕ್ಷೇತ್ರದ ಗಡಿಯಿದೆ. ಯಾರಿಗೆ ಯಾವ ಕೆಲಸ, ಯಾವುದು ಮೊದಲು, ಭಿನ್ನಾಭಿಪ್ರಾಯ ಬಗೆಹರಿಯದಿದ್ದಾಗ ಅಂತಿಮ ಮಾತು ಯಾರದು ಎಂಬಂಥ ಪ್ರಶ್ನೆಗಳಿಗೆ ತಂಡ ನಿಮ್ಮತ್ತಲೇ ನೋಡುತ್ತದೆ. ಹುದ್ದೆಯ ಅಧಿಕಾರವನ್ನು ಅಲ್ಲಿ ಸಂಕೋಚವಿಲ್ಲದೆ ಬಳಸಿ.