ಕಣ್ಣು ಮುಚ್ಚುತ್ತೆ, ಕಿವಿ ಮುಚ್ಚಲ್ಲ

"ಮಗು ಮಲಗಿದಾಗ ನೀನೂ ಮಲಗು" ಎಂಬ ಮಾತು ಕೇಳಿ ಕೇಳಿ ಬೇಸತ್ತ ತಾಯಂದಿರು ನನ್ನ ಬಳಿ ಆಗಾಗ ಬರುತ್ತಾರೆ. ಅವರಲ್ಲಿ ಒಬ್ಬರ ವಿಷಯ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರು ತವರಿನಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದಿದ್ದರು. ಮಗುವಿಗೆ ಮೂರು ತಿಂಗಳು. ಅಡುಗೆ ಅತ್ತೆಯದು. ಹಗಲು ಮಲಗಬೇಡ ಎಂದು ಯಾರೂ ಹೇಳುತ್ತಿರಲಿಲ್ಲ.

ಎರಡನೇ ಭೇಟಿಗೆ ಗಂಡನೂ ಬಂದಿದ್ದರು. "ಮಲಗು ಅಂತ ದಿನಾ ಹೇಳ್ತೀನಿ, ಇವಳೇ ಮಲಗಲ್ಲ" ಅಂದರು.

"ಮಲಗ್ತೀನಿ ಮೇಡಂ. ಕಣ್ಣು ಮುಚ್ಚುತ್ತೆ, ಕಿವಿ ಮುಚ್ಚಲ್ಲ. ಪಾಪು ಮುಲುಗಿದ್ರೂ ಎದ್ದು ಕೂತಿರ್ತೀನಿ."

"ಆಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದೆ.

"ನಾನಿರ್ತೀನಲ್ಲ" ಅಂದರು ಗಂಡ.

"ಇರ್ತೀರಿ. ಅತ್ತರೆ ನನ್ನನ್ನೇ ಕರೀತೀರಿ."

ಗಂಡ ಸುಮ್ಮನಾದರು. ನನ್ನ ಸಲಹೆ ಪೂರ್ತಿ ಹುಟ್ಟಿದ್ದು ಈ ಮಾತಿನಿಂದ. ಕಾವಲು ಇಳಿಸದೆ ನಿದ್ದೆ ಬರುವುದಿಲ್ಲ. ಅದರ ಮೇಲೆ, ಈ ವಯಸ್ಸಿನ ಮಗುವಿನ ಹಗಲು ನಿದ್ದೆ ಎಷ್ಟೋ ಸಲ ಅರ್ಧ ಮುಕ್ಕಾಲು ಗಂಟೆಗೇ ಮುಗಿಯುತ್ತದೆ. ತಾಯಿಗೆ ಜೊಂಪು ಹತ್ತುವ ಹೊತ್ತಿಗೆ ಮಗು ಎದ್ದಿರುತ್ತದೆ.

ಹಾಗಾಗಿ ಮೊದಲು ರಾತ್ರಿಯನ್ನು ಹಂಚಿದೆವು. ಒಂಬತ್ತಕ್ಕೆ ಹಾಲು ಕುಡಿಸಿ ಆಕೆ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಒಂದೂವರೆವರೆಗೆ ಮಗು ಗಂಡನದು. ನಡುವೆ ಹಸಿವಾದರೆ, ಹಿಂಡಿ ಫ್ರಿಜ್‌ನಲ್ಲಿಟ್ಟ ಎದೆಹಾಲನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ ಕುಡಿಸಬೇಕು. ಒಲೆಯ ಮೇಲೆ ಕುದಿಸಬಾರದು. ಎದೆ ಕಟ್ಟಿಕೊಂಡು ಎಚ್ಚರವಾದರೆ ಆಕೆ ಸ್ವಲ್ಪ ಹಿಂಡಿ ಮತ್ತೆ ಮಲಗಬಹುದು. ಗಂಡನಿಗೆ ಒಂದೇ ಎಚ್ಚರಿಕೆ ಕೊಟ್ಟೆ: ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ತೂಕಡಿಸಬೇಡಿ. ಸಂದಿಗೆ ಜಾರಿ ಮಗುವಿಗೆ ಉಸಿರುಗಟ್ಟುವ ಅಪಾಯ ಇದೆ.

ತಾಯಿಯನ್ನು ಮಗುವಿನಿಂದ ದೂರ ಮಾಡುತ್ತೀರಿ ಎಂದು ನನ್ನ ಮೇಲೆ ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಲುಣಿಸುವುದು ಚೆನ್ನಾಗಿ ಹೊಂದಿಕೊಂಡ ಮೇಲೆ, ಮಕ್ಕಳ ಡಾಕ್ಟರನ್ನು ಕೇಳಿಯೇ ಇದನ್ನು ಹೇಳುತ್ತೇನೆ. ನಾಲ್ಕು ಗಂಟೆ ಒಂದೇ ಸಮನೆ ಸಿಗುವ ನಿದ್ದೆಗೆ, ತುಂಡು ತುಂಡಾಗಿ ಸಿಗುವ ಆರು ಗಂಟೆ ಸಮವಲ್ಲ.

ಹಗಲಿಗೆ ಒಂದೇ ನಿಯಮ. ಮಗುವಿನ ಎಲ್ಲ ನಿದ್ದೆಗಳನ್ನೂ ಹಿಡಿಯಲು ಹೋಗಬೇಡಿ. ಉದ್ದದ್ದು ಯಾವುದೋ ಅದೊಂದನ್ನು ನಿಮ್ಮದಾಗಿಸಿಕೊಳ್ಳಿ. ಇವರಿಗೆ ಅದು ಮಧ್ಯಾಹ್ನದ್ದು. ಆ ಹೊತ್ತಿಗೆ ಅತ್ತೆ ತೊಟ್ಟಿಲ ಪಕ್ಕ ಕೂತರು. ಬಟ್ಟೆ ಮಡಚುವುದು, ಫೋನು, ಎಲ್ಲ ಉಳಿದ ನಿದ್ದೆಗಳ ಹೊತ್ತಿಗೆ. ನಿದ್ದೆ ಬರದಿದ್ದರೂ ಸುಮ್ನೆ ಮಲಗಿರುವುದು.

ಮೊದಲ ಎರಡು ರಾತ್ರಿ ಆಕೆ ಬಾಗಿಲ ಬಳಿ ಬಂದು ಕಿವಿಗೊಟ್ಟು ನಿಂತರಂತೆ. ಮೂರನೆಯ ರಾತ್ರಿ ನಿದ್ದೆ ಹತ್ತಿತು. ನನಗೆ ಬೇಕಿದ್ದದ್ದೂ ಅದೇ ಗುರುತು. ಬೇರೆಯವರು ಮಗುವನ್ನು ನೋಡಿಕೊಳ್ಳುತ್ತಿದ್ದರೂ, ಮನೆ ಶಾಂತವಾಗಿದ್ದರೂ, ವಾರಗಟ್ಟಲೆ ನಿದ್ದೆ ಬರದಿದ್ದರೆ ಅದು ಬರೀ ದಣಿವಲ್ಲ. ಹೆರಿಗೆಯ ನಂತರದ ಖಿನ್ನತೆ ಅಥವಾ ಆತಂಕ ಇರಬಹುದು. ಅಂಥವರನ್ನು ಮನೋವೈದ್ಯರ ಬಳಿ ಕಳಿಸುತ್ತೇನೆ. ತಕ್ಷಣ ಯಾರೊಂದಿಗಾದರೂ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.