ಕೈಗೆ ಬಂದ ಜಾಹೀರಾತು ಖಾತೆ: ಮೊದಲು 240ರ ಲೆಕ್ಕ ಬಿಡಿಸಿ

"ಬಳ್ಳಾರಿಯ ಜೀನ್ಸ್ ಸಗಟು ಅಂಗಡಿಯೊಂದರ ಗೂಗಲ್ ಜಾಹೀರಾತು ಖಾತೆ ಈ ವಾರ ನನ್ನ ಕೈಗೆ ಬಂದಿದೆ. ತಿಂಗಳಿಗೆ 30,000 ರೂಪಾಯಿ ಖರ್ಚು, 240 ಕನ್ವರ್ಷನ್ ಎಂದು ತೋರಿಸುತ್ತಿದೆ. ಮಾಲೀಕರು 40 ಕರೆಯೂ ಬರುತ್ತಿಲ್ಲ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?"

ಅಣ್ಣಾ, ಉತ್ತರ ನೀವು ಹಾಕಿದ ಸ್ಕ್ರೀನ್‌ಶಾಟ್‌ನಲ್ಲೇ ಇದೆ. Goals ಪುಟದಲ್ಲಿ ಕನ್ವರ್ಷನ್ ಎಂದು ಎಣಿಸುವ ಮೂರು ಕ್ರಿಯೆಗಳಿವೆ, ಮೂರೂ Primary, ಅಂದರೆ ಮುಖ್ಯ ಲೆಕ್ಕಕ್ಕೆ ಸೇರುವಂಥವು: ಕರೆ 38, ವಾಟ್ಸಾಪ್ ಗುಂಡಿ 52, ಸಂಪರ್ಕ ಪುಟ ತೆರೆದದ್ದು 150. ಪುಟ ತೆರೆದವರೆಲ್ಲ ಗಿರಾಕಿಗಳಲ್ಲ. ಅದನ್ನು ತೆಗೆದರೆ ಉಳಿಯುವುದು 90. ಒಂದಕ್ಕೆ 125 ರೂಪಾಯಿ ಎಂದು ಬೀಗುತ್ತಿದ್ದ ಖಾತೆಯ ನಿಜವಾದ ದರ 333. ಮಾಲೀಕರ ಮಾತೂ ಸುಳ್ಳಲ್ಲ, ಅವರು ಕರೆಗಳನ್ನಷ್ಟೇ ಎಣಿಸುತ್ತಿದ್ದಾರೆ. ಆ 52ರಲ್ಲಿ ಎಷ್ಟು ಜನ ನಿಜವಾಗಿ ಸಂದೇಶ ಕಳಿಸಿದರು ಎಂಬುದು ಅಂಗಡಿಯ ಮೊಬೈಲ್ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಒಬ್ಬನೇ ನಾಲ್ಕು ಸಲ ಒತ್ತಿದರೂ ನಾಲ್ಕಾಗಬಹುದು, ಆದ್ದರಿಂದ ಎಣಿಕೆ Every ಆಗಿದ್ದರೆ ಜಾಹೀರಾತಿನ ಒಂದು ಕ್ಲಿಕ್‌ಗೆ ಒಂದೇ ಎಂದು ಎಣಿಸುವ One ಮಾಡಿ.

ಈ ತಪ್ಪು ವರದಿಯಲ್ಲೇ ನಿಲ್ಲುವುದಿಲ್ಲ. ನಿಮ್ಮದು ಕನ್ವರ್ಷನ್ ನೋಡಿಕೊಂಡು ಜಾಹೀರಾತಿಗೆ ತಾನಾಗಿ ಬೆಲೆ ಕಟ್ಟುವ ವಿಧಾನ. ಪುಟ ತೆರೆಯುವುದೇ ಗೆಲುವು ಎಂದು ಅದಕ್ಕೆ ಕಲಿಸಿಟ್ಟರೆ, ಸುಮ್ಮನೆ ಪುಟ ತೆರೆದು ಹೋಗುವವರನ್ನೇ ಹುಡುಕಿ ತರುತ್ತದೆ. ಹಾಗಾಗಿ ಆ ಕ್ರಿಯೆಯನ್ನು ಅಳಿಸದೆ Secondary ಮಾಡಿ, ಆಗ ಅದು ನೋಡಲು ಉಳಿಯುತ್ತದೆ, ಬೆಲೆ ಕಟ್ಟುವುದಕ್ಕೆ ಸೇರುವುದಿಲ್ಲ. ಅದೇ ದಿನ ಬಜೆಟ್ ಮುಟ್ಟಬೇಡಿ. ಒಂದೆರಡು ವಾರ ಅಂಕಿ ಏರುಪೇರಾದರೆ ಯಾವುದರಿಂದ ಆಯಿತೆಂದು ಆಮೇಲೆ ಹೇಳಲಾಗದು. ಮಾಲೀಕರಿಗೂ ಮೊದಲೇ ತಿಳಿಸಿ, ಇಲ್ಲದಿದ್ದರೆ ಕನ್ವರ್ಷನ್ ಕುಸಿದ ದಿನ ದೂರು ನಿಮ್ಮ ಮೇಲೆ ಬರುತ್ತದೆ.

ದುಡ್ಡು ಸೋರುವ ಜಾಗ Search terms, ಅಂದರೆ ಜನ ಏನೆಂದು ಹುಡುಕಿದಾಗ ನಿಮ್ಮ ಜಾಹೀರಾತು ಬಂತು ಎಂಬ ಪಟ್ಟಿ. ಮೂರು ತಿಂಗಳ ಪಟ್ಟಿಯನ್ನು ಖರ್ಚಿನ ಕ್ರಮದಲ್ಲಿ ಜೋಡಿಸಿ. ಜೀನ್ಸ್ ಹೊಲಿಗೆ ಕೆಲಸ ಹುಡುಕುವವರು ಅಲ್ಲಿ ಸಿಕ್ಕೇ ಸಿಗುತ್ತಾರೆ, ಬಳ್ಳಾರಿ ಆ ಕಸುಬಿನ ಊರೇ ಅಲ್ಲವೇ. ಬೇಡದ ಪದಗಳ ಪಟ್ಟಿಗೆ `job` ಹಾಕಿ ಸುಮ್ಮನಾಗಬೇಡಿ. ಅಲ್ಲಿ ಬಹುವಚನವಾಗಲಿ ಸಮಾನಾರ್ಥಕವಾಗಲಿ ತಾನಾಗಿ ಸೇರುವುದಿಲ್ಲ. `jobs`, `vacancy`, ಕನ್ನಡದ "ಕೆಲಸ", ತೆಲುಗು, ಹಿಂದಿ ಪದಗಳನ್ನೂ ಬೇರೆ ಬೇರೆ ಹಾಕಬೇಕು. ಅಪರೂಪದ ಹುಡುಕಾಟಗಳನ್ನು ಗೂಗಲ್ ತೋರಿಸುವುದೇ ಇಲ್ಲ, ಆ ಖರ್ಚಿನ ಪೂರ್ತಿ ಲೆಕ್ಕ ಸಿಗದು.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸುತ್ತಾ, ಸ್ಥಳದ ಆಯ್ಕೆಯನ್ನು ಕೂಡಲೇ Presence ಮಾಡಿ, ಅಂದರೆ ಗುರಿ ಮಾಡಿದ ಊರಲ್ಲಿ ಇರುವವರಿಗಷ್ಟೇ ಜಾಹೀರಾತು ತೋರಿಸಿ ಎಂದಿದ್ದಾರೆ. ಚಿಲ್ಲರೆ ಅಂಗಡಿಗಾದರೆ ಸರಿ. ಸಗಟು ಗಿರಾಕಿ ಹೊರಊರಿನಲ್ಲಿ ಕುಳಿತು "ಬಳ್ಳಾರಿ ಜೀನ್ಸ್" ಎಂದು ಹುಡುಕುತ್ತಾನೆ. ಬಳ್ಳಾರಿಯನ್ನಷ್ಟೇ ಗುರಿ ಮಾಡಿ Presence ಒತ್ತಿದರೆ ಅವನೇ ಕೈತಪ್ಪುತ್ತಾನೆ. ಮಾಲು ಯಾವ ಊರುಗಳಿಗೆ ಹೋಗುತ್ತದೆಂದು ಬಿಲ್ ಪುಸ್ತಕ ನೋಡಿ, ಆ ಊರುಗಳನ್ನು ಸೇರಿಸಿ, ಆಮೇಲೆ ಬದಲಿಸಿ.



ಹಾಂ, ಇದೆಲ್ಲಕ್ಕೂ ಮುಂಚೆ ಖಾತೆಯ ಅಡ್ಮಿನ್ ಹಕ್ಕು ಮಾಲೀಕರ ಇಮೇಲ್‌ಗೆ ಇದೆಯೇ ನೋಡಿಕೊಳ್ಳಿ. Change history ತೆರೆದು, ಗೂಗಲ್‌ನ ಶಿಫಾರಸುಗಳು ಯಾರೂ ಕೇಳದೆ ಜಾರಿಯಾಗುತ್ತಿದ್ದರೆ ಆ ತಾನಾಗಿ ಅನ್ವಯವಾಗುವ ಆಯ್ಕೆಯನ್ನು ಇಂದೇ ನಿಲ್ಲಿಸಿ.