ನಿಂತವರು ಮಲಗಿದಂತೆ ಕಂಡರೆ

“ಗ್ಯಾಲರಿಯಲ್ಲಿ ಫೋಟೋ ನೆಟ್ಟಗಿದೆ. ವಿವರಣೆ ಹೇಳುವ ಆ್ಯಪ್‌ಗೆ ಹಾಕಿದರೆ, ಬಾಗಿಲಲ್ಲಿ ನಿಂತ ಅಜ್ಜಿ ಮಲಗಿದ್ದಾರೆ ಅನ್ನುತ್ತೆ. ಯಾಕೆ?”

ಫೋನನ್ನು ಉದ್ದಕ್ಕೆ ಹಿಡಿದು ತೆಗೆದರೂ ಎಷ್ಟೋ ಫೋನುಗಳು ಚಿತ್ರವನ್ನು ಅಡ್ಡಲಾಗಿಯೇ ಉಳಿಸುತ್ತವೆ. ಜೊತೆಗೆ ‘ತೋರಿಸುವಾಗ ಇಷ್ಟು ತಿರುಗಿಸು’ ಅಂತ ಫೈಲಿನೊಳಗೆ ಒಂದು ಗುರುತು ಇಡುತ್ತವೆ. ಅದರ ಹೆಸರು Orientation. ಗ್ಯಾಲರಿ ಅದನ್ನು ಓದಿ ತಿರುಗಿಸಿ ತೋರಿಸುತ್ತದೆ. ನಿಮ್ಮ ಆ್ಯಪ್ ಬಹುಶಃ ಓದುತ್ತಿಲ್ಲ. ಅದಕ್ಕೆ ಸಿಗುವುದು ಅಡ್ಡ ಚಿತ್ರ. ನೆಟ್ಟಗಿನ ಫೋಟೋಗಳನ್ನೇ ಜಾಸ್ತಿ ನೋಡಿ ಕಲಿತ ಆ್ಯಪ್‌ಗೆ ಅಡ್ಡಲಾದ ಅಜ್ಜಿ ಮಲಗಿದಂತೆ, ಹೊಸ್ತಿಲು ಗೋಡೆಯಂತೆ ಕಾಣುವುದು ಸಹಜ. ಅಕ್ಷರಗಳಿದ್ದರೆ ಇನ್ನೂ ಕಷ್ಟ, ಸುಮ್ನೆ ಏನೋ ಓದಿಬಿಡುತ್ತದೆ.

ಸುಲಭ ದಾರಿ: ಫೋಟೋ ನೆಟ್ಟಗೆ ಕಾಣುವಾಗ ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ ಅದನ್ನೇ ಹಾಕಿ. ಸ್ವಲ್ಪ ಸ್ಪಷ್ಟತೆ ಕಡಿಮೆಯಾಗಬಹುದು, ಅಷ್ಟೇ. ಗ್ಯಾಲರಿಯಲ್ಲಿ ಸುಮ್ನೆ ತಿರುಗಿಸಿದರೆ ಕೆಲವೊಮ್ಮೆ ಆ ಗುರುತು ಮಾತ್ರ ಬದಲಾಗುತ್ತದೆ, ಪ್ರಯೋಜನವಿಲ್ಲ. ಕಂಪ್ಯೂಟರ್‌ನಲ್ಲಿ ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶ ಇದ್ದರೆ, ಈ ಆಜ್ಞೆ ಗುರುತನ್ನು ಓದಿ ಚಿತ್ರವನ್ನೇ ತಿರುಗಿಸಿ ಹೊಸ ಫೈಲಿಗೆ ಉಳಿಸುತ್ತದೆ:

```
magick ajji.jpg -auto-orient ajji2.jpg
```

ಮೇಜಿನ ಮೇಲಿನ ಕಾಗದವನ್ನು ಮೇಲಿನಿಂದ ತೆಗೆಯುವಾಗ ಇನ್ನೊಂದು ತೊಂದರೆ ಇದೆ. ಫೋನ್ ನೆಲಕ್ಕೆ ಸಮವಾಗಿದ್ದರೆ ಯಾವ ಕಡೆ ಮೇಲು ಅಂತ ಅದಕ್ಕೇ ಗೊತ್ತಾಗುವುದಿಲ್ಲ, ಗುರುತೇ ತಪ್ಪಾಗಬಹುದು. ಆಗ ಗ್ಯಾಲರಿಯಲ್ಲೂ ಅಡ್ಡಲಾಗಿಯೇ ಕಾಣುತ್ತದೆ. ಮೊದಲು ಅಲ್ಲಿ ತಿರುಗಿಸಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ.